ಗೃಹಪ್ರವೇಶದ ಪತ್ರಿಕೆ: ಮುಹೂರ್ತ 7-10ಕ್ಕೆ, ಊಟ 12-30ಕ್ಕೆ. ಎರಡನ್ನೂ ಬರೆಯುವುದು ಹೇಗೆ?

ಹೊಸಮನೆ ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಕಟ್ಟಿಸಿದ ನಮ್ಮ ಮನೆಯ ಗೃಹಪ್ರವೇಶವನ್ನು ಇದೇ 30-4-2025ರ ಬುಧವಾರ, ಅಕ್ಷಯ ತದಿಗೆಯ ದಿನ ಇಟ್ಟುಕೊಂಡಿದ್ದೇವೆ. ಬೆಳಗ್ಗೆ 7-10ರಿಂದ 7-30ರ ಒಳಗೆ, ವೃಷಭ ಲಗ್ನದಲ್ಲಿ ಹೊಸ್ತಿಲು ದಾಟಬೇಕು ಎಂದು ಪುರೋಹಿತರು ಹೇಳಿದ್ದಾರೆ. ಹಿಂದಿನ ದಿನ ಸಂಜೆ ವಾಸ್ತು ಹೋಮ. ಬುಧವಾರ ಪ್ರವೇಶವಾಗಿ ಹಾಲು ಉಕ್ಕಿಸಿದ ಮೇಲೆ ಗಣಹೋಮ, ನಂತರ ಸತ್ಯನಾರಾಯಣ ಪೂಜೆ, ಆಮೇಲೆ ಊಟ.

ಮುದ್ರಣಾಲಯದವರು ತಮ್ಮಲ್ಲಿದ್ದ ಮಾದರಿಗೆ ನಮ್ಮ ವಿವರ ಸೇರಿಸಿ ಕರಡು ಕಳುಹಿಸಿದ್ದಾರೆ. ಅದರ ಮುಖ್ಯ ಸಾಲು ಹೀಗಿದೆ:

"…ವೈಶಾಖ ಶುದ್ಧ ತದಿಗೆ ಬುಧವಾರ ಬೆಳಗ್ಗೆ 7-10ರಿಂದ ಮಧ್ಯಾಹ್ನ 12-30ರವರೆಗೆ ಸಲ್ಲುವ ಶುಭ ವೃಷಭ ಲಗ್ನದಲ್ಲಿ ನೂತನ ಗೃಹಪ್ರವೇಶ, ಶ್ರೀ ಸತ್ಯನಾರಾಯಣ ಪೂಜೆ ಹಾಗೂ ಭೋಜನವನ್ನು ಏರ್ಪಡಿಸಿರುವುದರಿಂದ ತಾವು ಸಕುಟುಂಬ ಸಮೇತರಾಗಿ ಆಗಮಿಸಿ…"

ಓದಿದರೆ ಏನೋ ಸರಿಯಿಲ್ಲ ಎನಿಸುತ್ತದೆ, ಆದರೆ ಎಲ್ಲಿ ಎಂದು ಹಿಡಿಯಲು ಆಗುತ್ತಿಲ್ಲ. ಜೊತೆಗೆ ಮನೆಯಲ್ಲಿ ಒಂದು ಭಿನ್ನಾಭಿಪ್ರಾಯವಿದೆ. ಊಟದ ಸಮಯವನ್ನು ಪತ್ರಿಕೆಯಲ್ಲಿ ಬರೆಯಲೇಬೇಕು ಎಂದು ಅಮ್ಮ ಹೇಳುತ್ತಾರೆ. ಹಾಗೆ ಬರೆದರೆ ಬರಿಯ ಊಟಕ್ಕೆ ಕರೆದಂತಾಗುತ್ತದೆ, ಮುಹೂರ್ತದ ಗೌರವ ಹೋಗುತ್ತದೆ ಎಂದು ದೊಡ್ಡಪ್ಪ ಹೇಳುತ್ತಾರೆ. ಬಂಧುಗಳು ಹಾಸನ, ಶಿವಮೊಗ್ಗ, ಬೆಂಗಳೂರಿನಿಂದ ಬರಬೇಕು. ಸುಮಾರು 120 ಪತ್ರಿಕೆ ಹಂಚುತ್ತೇವೆ, 250 ಜನ ಬರಬಹುದು ಎಂಬ ಅಂದಾಜು. ಅನುಭವ ಇರುವವರು ತಿಳಿಸಿ.

ಪಂಚಾಂಗದ ಮನೆ

ಶುಭವಾಗಲಿ. ನಿಮಗೆ ಸರಿಯಿಲ್ಲ ಎನಿಸಿದ್ದು "7-10ರಿಂದ 12-30ರವರೆಗೆ ಸಲ್ಲುವ ವೃಷಭ ಲಗ್ನ" ಎಂಬಲ್ಲಿ. ಯಾವ ಲಗ್ನವೂ ಐದು ಗಂಟೆ ಇರುವುದಿಲ್ಲ. ಒಂದು ಲಗ್ನದ ಅವಧಿ ಸುಮಾರು ಎರಡು ಗಂಟೆ, ರಾಶಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ. ಅಂದು ತುಮಕೂರಿನಲ್ಲಿ ಸೂರ್ಯೋದಯ 6 ಗಂಟೆಯ ಹೊತ್ತಿಗೆ. ಸೂರ್ಯ ಮೇಷದ ನಡುವೆ ಇರುವುದರಿಂದ ಉದಯಕ್ಕೆ ಮೇಷ ಲಗ್ನ. ವೃಷಭ ಆರಂಭವಾಗುವುದು 6-55ರ ಸುಮಾರಿಗೆ, ಮುಗಿಯುವುದು 9ರ ಆಸುಪಾಸಿಗೆ. ಮಧ್ಯಾಹ್ನ ಹನ್ನೆರಡೂವರೆಗೆ ಕರ್ಕಾಟಕ ಲಗ್ನ ನಡೆಯುತ್ತಿರುತ್ತದೆ. ಮುದ್ರಣಾಲಯದವರು ಪ್ರವೇಶದ ಸಮಯವನ್ನೂ ಊಟದ ಸಮಯವನ್ನೂ ಒಂದೇ ವಾಕ್ಯಕ್ಕೆ ತುರುಕಿದ್ದರಿಂದ ಹೀಗಾಗಿದೆ. ಪತ್ರಿಕೆ ಓದುವ ಹಿರಿಯರಲ್ಲಿ ಒಬ್ಬರಾದರೂ ಇದನ್ನು ಎತ್ತಿ ಆಡುತ್ತಾರೆ.

ವೃಷಭವೇ ಒಂಬತ್ತರವರೆಗೆ ಇರುವಾಗ ಪುರೋಹಿತರು 7-30ಕ್ಕೇ ಏಕೆ ನಿಲ್ಲಿಸಿದರು ಎಂಬುದನ್ನೂ ನೋಡಿ. ಬುಧವಾರ ಯಮಗಂಡ ಕಾಲ 7-30ಕ್ಕೆ ಆರಂಭ. ಗೋಡೆಯ ಕ್ಯಾಲೆಂಡರಿನಲ್ಲಿ 7-30ರಿಂದ 9 ಎಂದು ಅಚ್ಚಾಗಿರುತ್ತದೆ, ನಿಮ್ಮ ಊರಿನ ಸೂರ್ಯೋದಯ ಹಿಡಿದು ಲೆಕ್ಕ ಹಾಕಿದರೂ ನಾಲ್ಕೈದು ನಿಮಿಷದ ವ್ಯತ್ಯಾಸ ಅಷ್ಟೆ. ಸ್ಥಿರ ಲಗ್ನ ಬೇಕು, ಯಮಗಂಡ ಬೇಡ. ಎರಡಕ್ಕೂ ಹೊಂದುವ ಕಿಂಡಿ ಅದೊಂದೇ. ಹಾಗಾಗಿ ಪತ್ರಿಕೆಯಲ್ಲಿ ಆ ಇಪ್ಪತ್ತು ನಿಮಿಷವನ್ನು ಹಿಗ್ಗಿಸದೆ ಹಾಗೆಯೇ ಬರೆಯಿರಿ. "ಬೆಳಗ್ಗೆ 7-10ರಿಂದ 7-30ರೊಳಗೆ ಸಲ್ಲುವ ಶುಭ ವೃಷಭ ಲಗ್ನದಲ್ಲಿ ಗೃಹಪ್ರವೇಶ" ಎಂದು ಆ ವಾಕ್ಯ ಅಲ್ಲಿಗೆ ಮುಗಿಯಬೇಕು. ಪೂಜೆಗೆ ಬೇರೆ ಸಾಲು, ಊಟಕ್ಕೆ ಬೇರೆ ಸಾಲು.

ಮೈಸೂರು ಹಿರಿಯ

ಅಕ್ಷಯ ತದಿಗೆ ಮೂರೂವರೆ ಮುಹೂರ್ತಗಳಲ್ಲಿ ಒಂದು. ಆ ದಿನಕ್ಕೆ ಲಗ್ನ ನೋಡುವ ಅಗತ್ಯವೇ ಇಲ್ಲ, ಇಡೀ ದಿನ ಶುಭ. "ಅಕ್ಷಯ ತದಿಗೆಯ ಶುಭದಿನ ಬೆಳಗ್ಗೆ ಗೃಹಪ್ರವೇಶ" ಎಂದಷ್ಟೇ ಬರೆದರೆ ಸಾಕು.

ಆದರೆ ಊಟದ ವಿಷಯದಲ್ಲಿ ಎಚ್ಚರ ವಹಿಸಿ. ಬುಧವಾರ 12ರಿಂದ 1-30 ರಾಹುಕಾಲ. ನೀವು 12-30ಕ್ಕೆ ಎಲೆ ಹಾಕಿಸುತ್ತೀರಿ ಎಂದರೆ ಸರಿಯಾಗಿ ರಾಹುಕಾಲದ ನಡುವೆ. ಶುಭ ಕಾರ್ಯದ ಊಟವನ್ನು ಹಾಗೆ ಆರಂಭಿಸಬಾರದು. 11-45ಕ್ಕೆ ಮಾಡಿ, ಇಲ್ಲವೇ 1-30ರ ನಂತರ.

ಪಂಚಾಂಗದ ಮನೆ

ಹಿರಿಯರೇ, ತದಿಗೆಯ ಶ್ರೇಷ್ಠತೆಯ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಈ ವರ್ಷ ತದಿಗೆ ಇಡೀ ದಿನ ಇಲ್ಲ. ಮಂಗಳವಾರ ಸಂಜೆ ಐದೂವರೆಗೆ ಹಿಡಿದು ಬುಧವಾರ ಮಧ್ಯಾಹ್ನ ಎರಡು ದಾಟಿದ ಮೇಲೆ ಚೌತಿ ಬರುತ್ತದೆ. ರೋಹಿಣಿ ನಕ್ಷತ್ರ ನಾಲ್ಕರವರೆಗೂ ಇದೆ, ಅದು ಒಳ್ಳೆಯದೇ. ತಿಥಿ ಎಷ್ಟೇ ದೊಡ್ಡದಾದರೂ ಕರೆದವರಿಗೆ ಗಂಟೆ ಹೇಳಬೇಕಲ್ಲ? "ಬೆಳಗ್ಗೆ" ಎಂದರೆ ಒಬ್ಬರು ಆರಕ್ಕೆ ಬಂದು ಕಾಯುತ್ತಾರೆ, ಮತ್ತೊಬ್ಬರು ಹತ್ತಕ್ಕೆ ಬಂದು "ಪ್ರವೇಶ ಆಗಿಹೋಯಿತೇ" ಎನ್ನುತ್ತಾರೆ.

ರಾಹುಕಾಲದ ವಿಚಾರ. ಹೊಸದಾಗಿ ಒಂದು ಶುಭಕಾರ್ಯವನ್ನು ಆರಂಭಿಸಲು, ಪ್ರಯಾಣ ಹೊರಡಲು ಅದನ್ನು ಬಿಡುತ್ತಾರೆ. ಊಟ ಹೊಸ ಆರಂಭವಲ್ಲ, ಬೆಳಗ್ಗೆ ಸಂಕಲ್ಪ ಮಾಡಿ ಹಿಡಿದ ಕಾರ್ಯದ ಮುಕ್ತಾಯ. ಪ್ರತಿ ಬುಧವಾರವೂ ನಾವೆಲ್ಲ ಆ ಹೊತ್ತಿನಲ್ಲೇ ಊಟ ಮಾಡುತ್ತೇವೆ. ಇನ್ನೊಂದು ವಿಷಯ: ರಾಹುಕಾಲವೆಂದರೆ ಹಗಲಿನ ಎಂಟು ಭಾಗಗಳಲ್ಲಿ ಒಂದು, ಬುಧವಾರಕ್ಕೆ ಐದನೆಯದು. ಏಪ್ರಿಲ್ ಕೊನೆಗೆ ಹಗಲು ಹನ್ನೆರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಇರುವುದರಿಂದ ಒಂದೊಂದು ಭಾಗವೂ ಸುಮಾರು 94 ನಿಮಿಷ. ತುಮಕೂರಿನಲ್ಲಿ ಅಂದು ಅದು ನಿಜವಾಗಿ ಹಿಡಿಯುವುದು 12-15 ದಾಟಿದ ಮೇಲೆ. ನೈವೇದ್ಯ, ಮಂಗಳಾರತಿ 12-10ರೊಳಗೆ ಮುಗಿದರೆ ಯಾರ ಮನಸ್ಸಿಗೂ ಕೊರಗು ಉಳಿಯುವುದಿಲ್ಲ.

ಮೈಸೂರು ಹಿರಿಯ

ನಮ್ಮ ಮನೆಯಲ್ಲಿ ನೈವೇದ್ಯದ ಹಿಂದೆಯೇ ಮೊದಲ ಎಲೆಗೆ ಬಡಿಸಿ, ಆಮೇಲೆ ಉಳಿದವರಿಗೆ ನಿಧಾನವಾಗಿ ಬಡಿಸುವ ಪದ್ಧತಿ. ನಾನು ಅದನ್ನೇ ಹೇಳುತ್ತೇನೆ. ನಿಮ್ಮ ಲೆಕ್ಕವನ್ನು ಅಲ್ಲಗಳೆಯುವುದಿಲ್ಲ, ಆದರೆ ನೆಂಟರು ನೋಡುವುದು ಕ್ಯಾಲೆಂಡರನ್ನೇ.

ಬನಶಂಕರಿ ಗೃಹಿಣಿ

ನಾನು ಪಂಚಾಂಗ ತಿಳಿದವಳಲ್ಲ, ಆದರೆ ಪತ್ರಿಕೆ ಹಿಡಿದು ಮನೆಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆದು ಅಭ್ಯಾಸವಿದೆ. ಬಾಗಿಲಲ್ಲಿ ಕುಂಕುಮ ಇಟ್ಟುಕೊಳ್ಳುತ್ತಲೇ ಎಲ್ಲರೂ ಕೇಳುವ ಪ್ರಶ್ನೆ ಎರಡು: "ನಾವು ಎಷ್ಟು ಹೊತ್ತಿಗೆ ಅಲ್ಲಿರಬೇಕು? ಊಟ ಎಷ್ಟು ಹೊತ್ತಿಗೆ?" ಇದರಲ್ಲಿ ತಪ್ಪೇನೂ ಇಲ್ಲ. ಸಕ್ಕರೆ ಕಾಯಿಲೆಯ ಅತ್ತೆಯನ್ನು ಕರೆತರುವ ಸೊಸೆ ಕೇಳಬೇಕು. ಸಂಜೆಗೆ ಹಾಸನದ ಬಸ್ ಹಿಡಿಯಬೇಕಾದವರು ಕೇಳಬೇಕು. ದೊಡ್ಡಪ್ಪನವರಿಗೆ ಇದನ್ನು ಹೇಳಿ ನೋಡಿ. ಊಟದ ಸಮಯ ಬರೆಯುವುದರಿಂದ ಮುಹೂರ್ತದ ಗೌರವ ಹೋಗುವುದಿಲ್ಲ. ಮುಹೂರ್ತಕ್ಕೆ ಬರಲಾಗದ ದೂರದವರಿಗೂ ಬರಲು ದಾರಿಯಾಗುತ್ತದೆ. ಶಿವಮೊಗ್ಗದಿಂದ 7-10ಕ್ಕೆ ತುಮಕೂರಿನಲ್ಲಿರಬೇಕಾದರೆ ರಾತ್ರಿಯೇ ಹೊರಡಬೇಕು. ಬರಿಯ 7-10 ಎಂದು ಬರೆದರೆ, "ಆ ಹೊತ್ತಿಗೆ ನಮ್ಮಿಂದ ಆಗುವುದಿಲ್ಲ, ಇನ್ನೊಮ್ಮೆ ಹೋಗಿ ಮನೆ ನೋಡಿ ಬರೋಣ" ಎಂದು ಅವರು ಸುಮ್ಮನಾಗುತ್ತಾರೆ.

ಇನ್ನೊಂದು ಬಹಳ ಮುಖ್ಯ ವಿಷಯ, ಬೆಳಗಿನ ಜಾವದ ಮುಹೂರ್ತ ಇಟ್ಟುಕೊಳ್ಳುವವರಿಗೆ. ನಮ್ಮ ಬಂಧುಗಳೊಬ್ಬರ ಮನೆಗೆ ಶುಕ್ರವಾರ ನಸುಕಿನ 4-20ಕ್ಕೆ ಪ್ರವೇಶ ಇತ್ತು. ಪಂಚಾಂಗದಲ್ಲಿ ಅದು ಗುರುವಾರದ ಲೆಕ್ಕ ಎಂದು ಪುರೋಹಿತರು ಬರೆದುಕೊಟ್ಟ ಚೀಟಿಯಲ್ಲಿ ಗುರುವಾರ ಎಂದಿತ್ತು, ಹಾಗೆಯೇ ಅಚ್ಚಾಯಿತು. ಸೋದರತ್ತೆಯ ಮನೆಯವರು ಬುಧವಾರ ರಾತ್ರಿ ಪ್ರಯಾಣ ಮಾಡಿ ಗುರುವಾರ ನಸುಕಿಗೆ ಬಂದಿಳಿದರು. ಅಲ್ಲಿ ಬಣ್ಣದ ಡಬ್ಬಿಗಳು, ಬೀಗ ಹಾಕಿದ ಬಾಗಿಲು. ವಯಸ್ಸಾದವರು ಒಂದು ದಿನವಿಡೀ ಇನ್ನೊಬ್ಬರ ಮನೆಯಲ್ಲಿ ಉಳಿಯಬೇಕಾಯಿತು.

ಹೊಸಮನೆ ತುಮಕೂರು

ಅಕ್ಕ, ಇದನ್ನು ಓದಿ ಒಂದು ವಿಷಯ ಸ್ಪಷ್ಟವಾಯಿತು. ನಮಗೂ ಮೊದಲು ಬ್ರಾಹ್ಮೀ ಮುಹೂರ್ತದಲ್ಲಿ, 4-30ಕ್ಕೆ ಮಾಡಬೇಕೆಂಬ ಆಸೆ ಇತ್ತು. ತದಿಗೆ, ರೋಹಿಣಿ ಎರಡೂ ಆಗಲೇ ಇವೆ ಎಂದು ಕೇಳಿದೆವು. ಪುರೋಹಿತರು "ಅದು ಇನ್ನೂ ಮಂಗಳವಾರ, ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. 30ನೆಯ ತಾರೀಖು ಮಂಗಳವಾರ ಹೇಗಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ಪಂಚಾಂಗದ ಮನೆ

ಅವರು ಹೇಳಿದ್ದು ಸರಿ. ಗಡಿಯಾರದ ತಾರೀಖು ನಡುರಾತ್ರಿ 12ಕ್ಕೆ ಬದಲಾಗುತ್ತದೆ, ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. 30ರಂದು ನಸುಕಿನ 4-30 ಪಂಚಾಂಗದ ಪ್ರಕಾರ ಮಂಗಳವಾರದ ಕೊನೆಯ ಭಾಗ. ಗೃಹಪ್ರವೇಶಕ್ಕೆ ಮಂಗಳವಾರ ವರ್ಜ್ಯ ಎಂದು ಸೂರ್ಯೋದಯ ಕಳೆಯುವವರೆಗೆ ಕಾಯಿಸಿದ್ದಾರೆ. ನಿಮ್ಮ ಮುಹೂರ್ತ 7-10ಕ್ಕೆ ಇರುವುದರಿಂದ ಈಗ ಎರಡು ಲೆಕ್ಕದಲ್ಲೂ ಬುಧವಾರವೇ, ಪತ್ರಿಕೆಯಲ್ಲಿ ಗೊಂದಲವಿಲ್ಲ.

ನಸುಕಿನ ಮುಹೂರ್ತ ಇರುವವರು ತಾರೀಖು ಮತ್ತು ವಾರ ಎರಡನ್ನೂ ಗಡಿಯಾರದ ಲೆಕ್ಕಕ್ಕೇ ಬರೆದು, "ಗುರುವಾರ ರಾತ್ರಿ ಕಳೆದು ಶುಕ್ರವಾರ ಬೆಳಗಿನ ಜಾವ" ಎಂದು ಬಿಡಿಸಿ ಹೇಳಬೇಕು. ಸಂಕಲ್ಪದಲ್ಲಿ ಪುರೋಹಿತರು ಯಾವ ವಾಸರ ಹೇಳುತ್ತಾರೋ ಅದು ಅವರ ಕೆಲಸ. ಪತ್ರಿಕೆ ಬಸ್ಸು ಹಿಡಿದು ಬರುವವರಿಗೆ.

ನೂತನ ಬಡಾವಣೆ

ನಮ್ಮದು ಸಿದ್ಧವಾಗುವಾಗ ಜುಲೈ ಆಗುತ್ತದೆ. ಆಷಾಢದಲ್ಲಿ ಮಾಡಬಹುದೇ? ಯಾವ ದಿನ ಒಳ್ಳೆಯದು ಎಂದು ಇಲ್ಲಿ ಯಾರಾದರೂ ಹೇಳುವಿರಾ?

ಪಂಚಾಂಗದ ಮನೆ

ಆಷಾಢದಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ, ಶ್ರಾವಣಕ್ಕೆ ಹೋಗಿ. ದಿನವನ್ನು ಯಜಮಾನರ ನಕ್ಷತ್ರಕ್ಕೆ ತಾರಾಬಲ, ಚಂದ್ರಬಲ ನೋಡಿಯೇ ನಿಶ್ಚಯಿಸಬೇಕು, ಇಲ್ಲಿ ಎಲ್ಲರೆದುರು ಹೇಳಲು ಬರುವುದಿಲ್ಲ. ನಿಮ್ಮ ಮನೆಯ ಪುರೋಹಿತರನ್ನು ಕೇಳಿ. ಈ ಚರ್ಚೆ ಪತ್ರಿಕೆಯ ಬಗ್ಗೆ ಇರಲಿ.

ಅಡುಗೆ ಉಸ್ತುವಾರಿ ಹಾಸನ

ಊಟದ ಸಾಲಿನ ಬಗ್ಗೆ ನಾನು ಹೇಳಬೇಕು, ಏಕೆಂದರೆ ಆ ಸಾಲನ್ನು ನಂಬಿಯೇ ನಾವು ಅನ್ನಕ್ಕೆ ಅಕ್ಕಿ ಹಾಕುತ್ತೇವೆ. "ಊಟ 12-30ಕ್ಕೆ" ಎಂದು ಬರೆದರೆ 12-30ಕ್ಕೆ 250 ಜನರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. "12-30ರಿಂದ" ಎಂದು ಬರೆದರೆ ಹಂಚಿಹೋಗುತ್ತಾರೆ. ಬಾಳೆ ಎಲೆಯ ಊಟವೋ ಅಥವಾ ನಿಂತು ತಿನ್ನುವುದೋ? ಎಲೆಯ ಊಟವಾದರೆ ಒಂದು ಪಂಕ್ತಿಗೆ ಎಷ್ಟು ಎಲೆ ಹಿಡಿಯುತ್ತವೆ ಎಂದು ಮೊದಲು ಅಳೆದುಕೊಳ್ಳಿ.

ಹೊಸಮನೆ ತುಮಕೂರು

ಎಲೆಯ ಊಟವೇ. ಮಹಡಿಯ ಮೇಲೆ ಶಾಮಿಯಾನ ಹಾಕಿ ಟೇಬಲ್ ಇಡುತ್ತೇವೆ. 70 ಜನ ಕೂರಬಹುದು ಎಂದು ಶಾಮಿಯಾನದವರು ಅಳೆದು ಹೇಳಿದ್ದಾರೆ.

ಅಡುಗೆ ಉಸ್ತುವಾರಿ ಹಾಸನ

ಹಾಗಾದರೆ ಲೆಕ್ಕ ನೋಡಿ. ಉಪ್ಪು, ಕೋಸಂಬರಿಯಿಂದ ಹಿಡಿದು ಮಜ್ಜಿಗೆಯವರೆಗೆ ಒಂದು ಪಂಕ್ತಿ ಅರ್ಧ ಗಂಟೆಗಿಂತ ಬೇಗ ಏಳುವುದಿಲ್ಲ. ಎಲೆ ತೆಗೆದು, ಟೇಬಲ್ ಒರೆಸಿ, ಹೊಸ ಕಾಗದ ಹಾಸಿ ಮತ್ತೆ ಎಲೆ ಹಾಕಲು ಇನ್ನೂ ಹತ್ತು ಹದಿನೈದು ನಿಮಿಷ. ಒಟ್ಟು ಮುಕ್ಕಾಲು ಗಂಟೆ. 250 ಜನಕ್ಕೆ 70ರಂತೆ ನಾಲ್ಕು ಪಂಕ್ತಿ ಬೇಕು: 12-30, 1-15, 2-00, 2-45. ಕೊನೆಯ ಪಂಕ್ತಿ ಏಳುವಾಗ ಮೂರೂಕಾಲು ದಾಟಿರುತ್ತದೆ. ಮನೆಯವರು ಸಾಮಾನ್ಯವಾಗಿ ಕೊನೆಗೆ ಕೂರುತ್ತಾರೆ, ಹಿಂದಿನ ರಾತ್ರಿಯಿಂದ ನಿದ್ದೆಗೆಟ್ಟ ಯಜಮಾನ ದಂಪತಿ ಅಷ್ಟು ಹೊತ್ತು ಕಾಯಬೇಕು. ಜಾಗ ಮಾಡಿ 90 ಎಲೆ ಹಾಕಿಸಲು ಆದರೆ ಮೂರು ಪಂಕ್ತಿಗೆ ಮುಗಿಯುತ್ತದೆ, ಎರಡೂಮುಕ್ಕಾಲಕ್ಕೆಲ್ಲ ನೀವೂ ಊಟ ಮುಗಿಸಬಹುದು.

ಇದಕ್ಕಿಂತ ದೊಡ್ಡ ತೊಂದರೆ ಬರುವುದು ಪೂಜೆ ತಡವಾದಾಗ. ಪತ್ರಿಕೆಯಲ್ಲಿ 12-30 ಎಂದಿದೆ, ಜನ ಬಂದು ಕುಳಿತಿದ್ದಾರೆ, ಒಳಗೆ ಕಥೆಯ ಮೂರನೆಯ ಅಧ್ಯಾಯ ನಡೆಯುತ್ತಿದೆ. ನೈವೇದ್ಯವಾಗದೆ ನಾವು ಬಡಿಸುವಂತಿಲ್ಲ. ಪುರೋಹಿತರನ್ನು ಅವಸರಪಡಿಸುವಂತೆಯೂ ಇಲ್ಲ. ಆದ್ದರಿಂದ ಪತ್ರಿಕೆಗೆ ಊಟದ ಸಮಯ ಕೊಡುವ ಮೊದಲು ಪೂಜೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಪುರೋಹಿತರನ್ನೇ ಕೇಳಿ, ಊಟದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ.

ಹೊಸಮನೆ ತುಮಕೂರು

ಈಗಷ್ಟೇ ದೂರವಾಣಿಯಲ್ಲಿ ಕೇಳಿದೆ. ಅವರು ಹೇಳಿದ್ದು ಹೀಗೆ: 7-10ಕ್ಕೆ ಗೋವು ಮತ್ತು ಕರುವನ್ನು ಮುಂದಿಟ್ಟುಕೊಂಡು, ಕಲಶ, ದೀಪ, ದೇವರ ಪಟ ಹಿಡಿದು ಪ್ರವೇಶ. ಹೊಸ್ತಿಲು ಪೂಜೆಯ ಸಿದ್ಧತೆ ಅದಕ್ಕೂ ಮೊದಲೇ ಆಗಿರಬೇಕು. ಹಾಲು ಉಕ್ಕುವ ಹೊತ್ತಿಗೆ ಏಳೂಮುಕ್ಕಾಲು. ನಂತರ ಗಣಹೋಮ, ನವಗ್ರಹ ಹೋಮ ಸೇರಿ ಪೂರ್ಣಾಹುತಿಗೆ 9-45. ಸತ್ಯನಾರಾಯಣ ಪೂಜೆ, ಕಥೆ ಸೇರಿ ಎರಡು ಗಂಟೆ. 10ಕ್ಕೆ ಕೂತರೆ ಮಂಗಳಾರತಿ 12ಕ್ಕೆ. ಅಂದರೆ ನಮಗೆ ಅರ್ಧ ಗಂಟೆಯ ಬಿಡುವು ಇದೆ.

ಅಡುಗೆ ಉಸ್ತುವಾರಿ ಹಾಸನ

ಆ ಅರ್ಧ ಗಂಟೆಯನ್ನು ಕಾಪಾಡಿಕೊಳ್ಳಿ. ಬೆಳಗಿನ ತಿಂಡಿ ಅದನ್ನು ತಿಂದುಬಿಡುತ್ತದೆ. ಪ್ರವೇಶಕ್ಕೆ ಬಂದವರು ಖಾಲಿ ಹೊಟ್ಟೆಯಲ್ಲಿ 12-30ರವರೆಗೆ ಇರುವುದಿಲ್ಲ, ಇರಲೂಬಾರದು. 8ರಿಂದ 9-30ರವರೆಗೆ ಉಪಾಹಾರ ಎಂದು ಪತ್ರಿಕೆಯಲ್ಲೇ ಬರೆಯಿರಿ. ಬರೆಯದಿದ್ದರೆ ಹನ್ನೊಂದಕ್ಕೂ "ತಿಂಡಿ ಇದೆಯೇ" ಎಂದು ಬರುವವರಿರುತ್ತಾರೆ, ಅವರಿಗಾಗಿ ಒಲೆ ಹಿಡಿದುಕೊಂಡರೆ ಅನ್ನ, ಸಾರು ತಡವಾಗುತ್ತದೆ.

ಧಾರವಾಡ ಸೀಮೆ

ಒಂದು ವಿಷಯವನ್ನು ಯಾರೂ ಹೇಳಲಿಲ್ಲ. 30ರಂದು ಬಸವ ಜಯಂತಿಯೂ ಹೌದು, ಸರಕಾರಿ ರಜೆ. ಮರುದಿನ ಮೇ 1 ಕಾರ್ಮಿಕರ ದಿನ, ಅದೂ ರಜೆ. ನೌಕರಿಯವರಿಗೆ ಅನುಕೂಲ, ಆದರೆ ಆ ದಿನ ಮದುವೆ, ಮುಂಜಿ, ಗೃಹಪ್ರವೇಶಗಳು ಎಲ್ಲೆಡೆ ಇರುತ್ತವೆ. ನಿಮ್ಮ ಬಂಧುಗಳಿಗೆ ಒಂದೇ ದಿನ ಎರಡು ಮೂರು ಕರೆ ಬಂದಿರುತ್ತವೆ. ಒಂದು ಕಡೆ ಮುಹೂರ್ತ, ಇನ್ನೊಂದು ಕಡೆ ಊಟ ಎಂದು ಹಂಚಿಕೊಳ್ಳುತ್ತಾರೆ. ಹೀಗಿರುವಾಗ ಎರಡೂ ಸಮಯ ಸ್ಪಷ್ಟವಾಗಿದ್ದರೆ ಅವರಿಗೆ ನಿಮ್ಮ ಮನೆಗೂ ಬರಲು ಸಾಧ್ಯ.

ನಮ್ಮ ಕಡೆ ಬಸವ ಜಯಂತಿಯ ದಿನ ಬೆಳಗ್ಗೆ ಊರಿನಲ್ಲಿ ಪೂಜೆ, ಮೆರವಣಿಗೆ ಇರುತ್ತದೆ. ಹಾಗಾಗಿ ಆ ದಿನದ ವಾಸ್ತುಶಾಂತಿಗೆ ಕರೆಯುವಾಗ ಪ್ರವೇಶಕ್ಕೆ ಮನೆಯವರಷ್ಟೇ, ಬಂಧುಗಳಿಗೆ "ಮಧ್ಯಾಹ್ನ 1 ಗಂಟೆಗೆ ಪ್ರಸಾದ" ಎಂದು ಒಂದೇ ಸಮಯ ಕೊಡುತ್ತೇವೆ. ಲಗ್ನ, ನಕ್ಷತ್ರ ನಮ್ಮ ಪತ್ರಿಕೆಯಲ್ಲಿ ಇರುವುದೇ ಇಲ್ಲ. ನಿಮ್ಮ ಮನೆಗೂ ಅದು ಸಾಕು ಎನಿಸುತ್ತದೆ.

ಬನಶಂಕರಿ ಗೃಹಿಣಿ

ಧಾರವಾಡದವರೇ, ನಿಮ್ಮಲ್ಲಿ ಅದು ನಡೆಯುತ್ತದೆ. ನಮ್ಮ ಕಡೆ ಸೋದರಮಾವನಿಗೆ, ಮಗಳ ಅತ್ತೆ ಮಾವನಿಗೆ "1 ಗಂಟೆಗೆ ಬನ್ನಿ" ಎಂದು ಮಾತ್ರ ಬರೆದರೆ ಪ್ರವೇಶಕ್ಕೆ ಕರೆಯಲೇ ಇಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಎಲ್ಲ ಸಮಯವೂ ಇರಲಿ. ಯಾರು ಯಾವಾಗ ಬರಲೇಬೇಕು ಎಂಬುದನ್ನು ಕರೆಯುವಾಗ ಬಾಯಲ್ಲಿ ಹೇಳಬೇಕು: "ಮಾವ, ನೀವು ಹಿಂದಿನ ಸಂಜೆಯೇ ಬಂದುಬಿಡಿ, ಹೋಮಕ್ಕೆ ಇರಬೇಕು." ಪಕ್ಕದ ಬೀದಿಯವರಿಗೆ: "ಮಧ್ಯಾಹ್ನ ಊಟಕ್ಕೆ ಖಂಡಿತ ಬರಬೇಕು."

ಹಿಂದಿನ ದಿನದ ವಾಸ್ತು ಹೋಮವನ್ನು ಪತ್ರಿಕೆಗೆ ಹಾಕಬೇಡಿ. ಒಂದೇ ಹಾಳೆಯಲ್ಲಿ 29, 30 ಎಂದು ಎರಡು ತಾರೀಖು ಕಂಡರೆ ಕಣ್ಣು ಮೊದಲನೆಯದರ ಮೇಲೆ ನಿಲ್ಲುತ್ತದೆ. ಹೋಮಕ್ಕೆ ಬೇಕಾದ ಹತ್ತಿರದವರಿಗೆ ಬೇರೆಯಾಗಿ ಹೇಳಿ.

ಶಾರ್ಜಾ ಕನ್ನಡತಿ

ನನ್ನದೂ ಇದೇ ಪರಿಸ್ಥಿತಿ, ಆದರೆ ಬೇರೆ ಬದಿಯಿಂದ. ಕುಂದಾಪುರದಲ್ಲಿ ನಮ್ಮ ಅಣ್ಣನ ಹೊಸ ಮನೆಯ ಒಕ್ಕಲು ಅದೇ 30ಕ್ಕೆ. ನನಗೆ ರಜೆ ಸಿಗಲಿಲ್ಲ, ವಿಡಿಯೋ ಕರೆಯಲ್ಲೇ ನೋಡಬೇಕು. ಇಲ್ಲಿಯ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ 7-10 ಎಂದರೆ ಇಲ್ಲಿ 5-40. ಪತ್ರಿಕೆಯಲ್ಲಿ "ಬೆಳಿಗ್ಗೆ ಸಲ್ಲುವ ಶುಭ ಮುಹೂರ್ತದಲ್ಲಿ" ಎಂದಷ್ಟೇ ಇದೆ. ಅತ್ತಿಗೆಯನ್ನು ಕೇಳಿದರೆ "ಭಟ್ಟರು ಹೇಳಿದಾಗ" ಎನ್ನುತ್ತಾರೆ. ಹಾಲು ಉಕ್ಕುವುದನ್ನಾದರೂ ನೋಡಬೇಕು ಎಂಬ ಆಸೆ. ಹೊರಗೆ ಇರುವ ಮಕ್ಕಳಿಗೆ ಸಮಯವೇ ಪತ್ರಿಕೆಯ ಜೀವ. ದಯವಿಟ್ಟು ಗಂಟೆ ನಿಮಿಷ ಬರೆಯಿರಿ.

ಪಂಚಾಂಗದ ಮನೆ

ತಂಗಿ, ಅಂದಿನ ಲಗ್ನದ ಸಮಯಗಳು ಕುಂದಾಪುರದಲ್ಲಿ ತುಮಕೂರಿಗಿಂತ ಕೆಲವು ನಿಮಿಷ ತಡವಾಗಿರುತ್ತವೆ, ಅದು ಇನ್ನೂ ಪಶ್ಚಿಮಕ್ಕಿದೆಯಲ್ಲ. ಯಾವ ಲಗ್ನಕ್ಕೆ ಇಟ್ಟಿದ್ದಾರೆ ಎಂದು ಅಣ್ಣನನ್ನು ಕೇಳು. ಲಗ್ನದ ಹೆಸರು ತಿಳಿದರೆ ಭಟ್ಟರು ಸಮಯವನ್ನೂ ಹೇಳಿಬಿಡುತ್ತಾರೆ.

ಹೊಸಮನೆ ತುಮಕೂರು

ಎಲ್ಲರ ಮಾತು ಸೇರಿಸಿ ಹೊಸ ಕರಡು ಬರೆದಿದ್ದೇನೆ. ನೋಡಿ ತಿದ್ದಿ.

॥ ಶ್ರೀ ಗಣೇಶಾಯ ನಮಃ ॥
॥ ಶ್ರೀ ಕುಲದೇವತಾ ಪ್ರಸನ್ನ ॥

ಮಾನ್ಯರೇ,

ಸ್ವಸ್ತಿ ಶ್ರೀ ಶಾಲಿವಾಹನ ಶಕ 1947ನೇ ಶ್ರೀ ವಿಶ್ವಾವಸು ನಾಮ ಸಂವತ್ಸರದ ಉತ್ತರಾಯಣ, ವಸಂತ ಋತು, ವೈಶಾಖ ಶುದ್ಧ ತದಿಗೆ, ರೋಹಿಣಿ ನಕ್ಷತ್ರ, ತಾ॥ 30-4-2025ನೇ ಬುಧವಾರ ಬೆಳಗ್ಗೆ 7-10ರಿಂದ 7-30ರೊಳಗೆ ಸಲ್ಲುವ ಶುಭ ವೃಷಭ ಲಗ್ನದಲ್ಲಿ, ಗುರುಹಿರಿಯರ ಆಶೀರ್ವಾದದಿಂದ ತುಮಕೂರಿನಲ್ಲಿ ನಾವು ನೂತನವಾಗಿ ಕಟ್ಟಿಸಿರುವ ಮನೆಯ

ಗೃಹಪ್ರವೇಶವನ್ನು

ನೆರವೇರಿಸಲು ನಿಶ್ಚಯಿಸಿದ್ದೇವೆ. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಪ್ರಸಾದ ಸ್ವೀಕರಿಸಿ, ನಮ್ಮನ್ನು ಆಶೀರ್ವದಿಸಬೇಕೆಂದು ಕೋರುತ್ತೇವೆ.

ಉಪಾಹಾರ: ಬೆಳಗ್ಗೆ 8ರಿಂದ 9-30
ಶ್ರೀ ಸತ್ಯನಾರಾಯಣ ಪೂಜೆ: ಬೆಳಗ್ಗೆ 10ರಿಂದ, ಮಹಾಮಂಗಳಾರತಿ 12 ಗಂಟೆಗೆ
ಭೋಜನ: ಮಧ್ಯಾಹ್ನ 12-30ರಿಂದ

ತಮ್ಮ ಆಗಮನಾಭಿಲಾಷಿಗಳು

(ಕೆಳಗೆ ಅಪ್ಪ ಅಮ್ಮನ ಹೆಸರು, ನಮ್ಮಿಬ್ಬರ ಹೆಸರು, ಮನೆಯ ವಿಳಾಸ, ಮೊಬೈಲ್ ಸಂಖ್ಯೆ.)

ಪಂಚಾಂಗದ ಮನೆ

ಅಚ್ಚುಕಟ್ಟಾಗಿದೆ. ಮಂಗಳಾರತಿಗೆ ಗಂಟೆ ಬರೆದದ್ದು ಒಳ್ಳೆಯದಾಯಿತು. ಬೆಳಗ್ಗೆ ಬರಲಾಗದವರು ಆ ಹೊತ್ತಿಗಾದರೂ ಬಂದು ಆರತಿ ತೆಗೆದುಕೊಂಡು ಎಲೆಯ ಮುಂದೆ ಕೂರಲಿ. ದೊಡ್ಡಪ್ಪನವರಿಗೂ ಇದು ಒಪ್ಪಿಗೆಯಾಗಬಹುದು. ಅಚ್ಚಿಗೆ ಕೊಡುವ ಮೊದಲು ಇದನ್ನು ನಿಮ್ಮ ಪುರೋಹಿತರಿಗೆ ಒಮ್ಮೆ ಓದಿ ಹೇಳಿ. ತಾರೀಖು, ವಾರ, ಗಂಟೆ ಈ ಮೂರನ್ನು ಅಚ್ಚಾದ ಮೊದಲ ಪ್ರತಿಯ ಮೇಲೆ ಬೆರಳಿಟ್ಟು ನೋಡಿ. ಮೊದಲ ಪತ್ರಿಕೆ ಕುಲದೇವರ ಮುಂದೆ ಇಡುವುದು, ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ನಿಮಗೆ ತಿಳಿದೇ ಇರುತ್ತದೆ.

ಮೈಸೂರು ಹಿರಿಯ

ಎಲ್ಲವೂ ಚೆನ್ನಾಗಿದೆ. 12-30ರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಮಂಗಳಾರತಿ 12ಕ್ಕೆ ಆಗುವುದಾದರೆ ಆಗಲೇ ಹಿರಿಯ ದಂಪತಿಗಳೊಬ್ಬರಿಗೆ ಮೊದಲ ಎಲೆ ಬಡಿಸಿಬಿಡಿ. ಅದರಿಂದ ಯಾರಿಗೂ ತೊಂದರೆಯಿಲ್ಲ.

ಬನಶಂಕರಿ ಗೃಹಿಣಿ

ವಿಳಾಸದ ಜೊತೆಗೆ ಗುರುತು ಬರೆಯಲು ಮರೆಯಬೇಡಿ. ಹೊಸ ಬಡಾವಣೆಯಾದರೆ ಅಡ್ಡರಸ್ತೆಯ ಸಂಖ್ಯೆ ಮೊಬೈಲಿನ ನಕ್ಷೆಯಲ್ಲಿ ಸಿಗದೆ ಇರಬಹುದು. ದೇವಸ್ಥಾನವೋ ನೀರಿನ ಟ್ಯಾಂಕೋ ಯಾವುದು ಹತ್ತಿರವಿದೆಯೋ ಅದನ್ನು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವವರಿಗೆ ಪತ್ರಿಕೆಯ ಚಿತ್ರದ ಕೆಳಗೆ ಮೂರೇ ಸಾಲು ಬೇರೆಯಾಗಿ ಬರೆಯಿರಿ. ವಯಸ್ಸಾದವರು ಚಿತ್ರವನ್ನು ಹಿಗ್ಗಿಸಿ ಓದುವುದಿಲ್ಲ:

"30ನೇ ಏಪ್ರಿಲ್ ಬುಧವಾರ ನಮ್ಮ ಹೊಸ ಮನೆಯ ಗೃಹಪ್ರವೇಶ. ಪ್ರವೇಶ ಬೆಳಗ್ಗೆ 7-10ಕ್ಕೆ, ಊಟ ಮಧ್ಯಾಹ್ನ 12-30ರಿಂದ. ಮನೆಯವರೆಲ್ಲರೂ ಬರಬೇಕು, ಇದನ್ನೇ ಖುದ್ದಾಗಿ ಬಂದು ಕರೆದಂತೆ ಭಾವಿಸಬೇಕು."

ಹೊಸಮನೆ ತುಮಕೂರು

ಹಾಗೆಯೇ ಮಾಡುತ್ತೇನೆ ಅಕ್ಕ. ದೊಡ್ಡಪ್ಪ ಕರಡು ನೋಡಿದರು. ಊಟದ ಸಾಲು ಇರಲಿ, ಆದರೆ ದಪ್ಪ ಅಕ್ಷರದಲ್ಲಿ ಬೇಡ, ಮುಹೂರ್ತ ಮಾತ್ರ ದಪ್ಪವಾಗಿರಲಿ ಎಂದಿದ್ದಾರೆ. ಅಮ್ಮ ಇನ್ನೂ ಒಪ್ಪಿಲ್ಲ, ಕನ್ನಡಕವಿಲ್ಲದೆ ಓದುವವರಿಗೆ ಅದೂ ಕಾಣಬೇಕು ಎನ್ನುತ್ತಾರೆ. ನಾಳೆ ಮುದ್ರಣಾಲಯಕ್ಕೆ ಕೊಡುವುದರೊಳಗೆ ಇಬ್ಬರೂ ಕೂತು ತೀರ್ಮಾನಿಸುತ್ತಾರೆ. ಟೇಬಲ್ 90ಕ್ಕೆ ಹೇಳಿದ್ದೇನೆ, ಮಹಡಿಯಲ್ಲಿ 70, ಉಳಿದ 20 ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಕೆಳಗಿನ ಪಂಕ್ತಿ.

ಅಡುಗೆ ಉಸ್ತುವಾರಿ ಹಾಸನ

ಕೆಳಗಿನ ಪಂಕ್ತಿಗೆ ಬಡಿಸಲು ಬೇರೆಯೇ ಇಬ್ಬರು ಬೇಕು, ಮೇಲಿನವರು ಇಳಿದು ಬರಲು ಆಗುವುದಿಲ್ಲ ಎಂದು ನಿಮ್ಮ ಅಡುಗೆಯವರಿಗೆ ಈಗಲೇ ತಿಳಿಸಿ. ಪತ್ರಿಕೆ ಹಂಚಿ ಮುಗಿದ ಮೇಲೆ, ಯಾರು ತಿಂಡಿಗೇ ಬರುತ್ತಾರೆ, ಯಾರು ಊಟಕ್ಕೆ ಮಾತ್ರ ಬರುತ್ತಾರೆ ಎಂದು ಎರಡು ಪಟ್ಟಿ ಮಾಡಿ, 26ರ ಶನಿವಾರ ಸಂಜೆಯೊಳಗೆ ಸಂಖ್ಯೆ ಕೊಡಿ. ಬಸವ ಜಯಂತಿಯ ವಾರ ಬಾಳೆ ಎಲೆಗೂ ಹಾಲಿಗೂ ಮೊದಲೇ ಹೇಳಿಡಬೇಕು, ಸೋಮವಾರದ ನಂತರ ಹೇಳಿದರೆ ಕೇಳಿದಷ್ಟು ಸಿಗುವುದು ಕಷ್ಟ.